ಬೇಯಿಸಿದ ಮೊಟ್ಟೆ, ಉಳಿದ ಮೊಟ್ಟೆ ಸಾರು: ಫ್ರಿಡ್ಜಿನಲ್ಲಿ ಎಷ್ಟು ದಿನ ಇಡಬಹುದು? ಬಿಸಿ ಮಾಡುವ ಸರಿಯಾದ ಕ್ರಮ ಯಾವುದು?

ನಿಟುವಳ್ಳಿ ಗೃಹಿಣಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಈಗ ಎದ್ದಿರುವ ಪ್ರಶ್ನೆಯನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಹೊತ್ತು ಗೊತ್ತು ಹೇಳದೆ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ.

ಶನಿವಾರ ಸಂಜೆ ಹತ್ತು ಮೊಟ್ಟೆ ಬೇಯಿಸಿದೆ. ಏಳೂವರೆಗೆ ಒಲೆ ಆರಿಸಿ, ನಲ್ಲಿ ನೀರಿನಲ್ಲಿ ಹಾಕಿಟ್ಟೆ. ಆರು ಮೊಟ್ಟೆಗಳ ಚಿಪ್ಪು ಬಿಡಿಸಿ ತೆಂಗಿನಕಾಯಿ ರುಬ್ಬಿದ ಮಸಾಲೆಯಲ್ಲಿ ಸಾರು ಮಾಡಿದೆ. ಸಾರು ಇಳಿಸಿದಾಗ ಎಂಟೂವರೆ. ಉಳಿದ ನಾಲ್ಕು ಮೊಟ್ಟೆಗಳನ್ನು ಚಿಪ್ಪಿನ ಸಮೇತ ಒಂಬತ್ತರ ಹೊತ್ತಿಗೆ ಫ್ರಿಡ್ಜಿನ ಬಾಗಿಲಿನ ಮೊಟ್ಟೆ ಗೂಡಿನಲ್ಲಿ ಇಟ್ಟೆ. ಮನೆಯವರು ಅಂಗಡಿ ಮುಚ್ಚಿ ಬಂದು ಊಟ ಮುಗಿಸಿದ ಮೇಲೆ, ಹನ್ನೊಂದಕ್ಕೆ, ಉಳಿದ ಸಾರನ್ನು ಅದೇ ಅಲ್ಯೂಮಿನಿಯಂ ಪಾತ್ರೆಯಲ್ಲಿ ಮುಚ್ಚಿ ಫ್ರಿಡ್ಜಿಗೆ ಸೇರಿಸಿದೆ. ಭಾನುವಾರ ಮಧ್ಯಾಹ್ನ ಇಡೀ ಪಾತ್ರೆಯನ್ನು ಬಿಸಿ ಮಾಡಿ ಬಡಿಸಿ, ಮಿಕ್ಕಿದ್ದನ್ನು ಮತ್ತೆ ಒಳಗಿಟ್ಟಿದ್ದೇನೆ.

ಇವತ್ತು ಮಂಗಳವಾರ. ಸಾರಿನಲ್ಲಿ ಎರಡು ಮೊಟ್ಟೆ ಇವೆ, ಚಿಪ್ಪಿನಲ್ಲಿರುವ ನಾಲ್ಕೂ ಹಾಗೇ ಇವೆ. ವಾಸನೆ ಏನೂ ಬಂದಿಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಐದು ವರ್ಷದ ಮಗಳಿದ್ದಾಳೆ. ಯಾವುದನ್ನು ತಿನ್ನಬಹುದು, ಯಾವುದನ್ನು ಚೆಲ್ಲಬೇಕು?

ಕೋಟೆಬೀದಿ ಹಿರಿಯ, ಚಿತ್ರದುರ್ಗ

ತಾಯಿ, ಇಷ್ಟು ಚಿಂತೆ ಬೇಡ. ನಮ್ಮ ಮನೆಗೆ ಫ್ರಿಡ್ಜ್ ಬರುವ ಮೊದಲು ಸಾರನ್ನು ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಎದ್ದೊಡನೆ ಒಮ್ಮೆ ಕೊತಕೊತ ಕುದಿಸಿಡುತ್ತಿದ್ದರು. ಹಾಗೆ ಕುದಿಸಿದ ಸಾರು ಹಳಸುತ್ತಿರಲಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಅಷ್ಟೇ. ಹುಣಸೆಹುಳಿ ಸ್ವಲ್ಪ ಮುಂದಾಗಿ ಹಾಕಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಸಾರನ್ನು ಚೆನ್ನಾಗಿ ಕುದಿಸಿ, ಮುದ್ದೆಯ ಜೊತೆ ಉಣ್ಣಿ.

ನಾಟಿಕೋಳಿ ಸಾಕಣೆ, ಹೊಳಲ್ಕೆರೆ

ಮೊಟ್ಟೆ ಕೆಟ್ಟಿದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ ಮೊಟ್ಟೆಯನ್ನು ಬಿಡಿ. ತಳದಲ್ಲಿ ಅಡ್ಡ ಮಲಗಿದರೆ ತಾಜಾ, ನೆಟ್ಟಗೆ ನಿಂತರೆ ಹಳೆಯದು, ತೇಲಿದರೆ ಎಸೆಯಿರಿ. ನಮ್ಮಲ್ಲಿಗೆ ಕೊಳ್ಳಲು ಬರುವವರೆಲ್ಲ ಹೀಗೇ ನೋಡಿ ಒಯ್ಯುತ್ತಾರೆ.

ನಿಟುವಳ್ಳಿ ಗೃಹಿಣಿ, ದಾವಣಗೆರೆ

ಅಣ್ಣಾ, ನನ್ನವು ಬೇಯಿಸಿದ ಮೊಟ್ಟೆಗಳು. ಹಸಿ ಮೊಟ್ಟೆಯ ಬಗ್ಗೆ ನಾನು ಕೇಳಿಲ್ಲ. ಬೇಯಿಸಿದ ಮೇಲೂ ಈ ಪರೀಕ್ಷೆ ನಡೆಯುತ್ತದೆಯೇ?

ಹರಿಹರದ ಮೇಷ್ಟ್ರು

ನಡೆಯುವುದಿಲ್ಲ. ಹಸಿ ಮೊಟ್ಟೆ ಹಳೆಯದಾದಂತೆ ಒಳಗಿನ ತೇವ ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಆರಿಹೋಗಿ, ಮೊಂಡು ತುದಿಯಲ್ಲಿರುವ ಗಾಳಿಯ ಗೂಡು ದೊಡ್ಡದಾಗುತ್ತದೆ. ತೇಲುವುದು ಆ ಗಾಳಿಯಿಂದ. ಅದು ಮೊಟ್ಟೆಯ ವಯಸ್ಸನ್ನು ಹೇಳುತ್ತದೆಯೇ ಹೊರತು ಒಳಗೆ ಕ್ರಿಮಿ ಇದೆಯೇ ಎಂಬುದನ್ನು ಹೇಳುವುದಿಲ್ಲ. ಬೇಯಿಸಿದ ಮೊಟ್ಟೆಗಂತೂ ಈ ಪರೀಕ್ಷೆಗೆ ಅರ್ಥವೇ ಇಲ್ಲ.

ನಾನು ಆಹಾರ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ತಂಗಿಯ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಮೊದಲು ಎರಡು ಲೆಕ್ಕ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಬೇಗ ತಣಿಸಿ, 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ತಂಪಿನಲ್ಲಿ ಇಟ್ಟರೆ ಒಂದು ವಾರ. ಮೊಟ್ಟೆ ಹಾಕಿದ ಸಾರು, ಗೊಜ್ಜು, ಪಲ್ಯ ಮುಂತಾದವಾದರೆ 3ರಿಂದ 4 ದಿನ. ಅಮೆರಿಕದ ಕೃಷಿ ಇಲಾಖೆ ಜನರಿಗೆ ಕೊಡುವ ಸಲಹೆಯೂ ಇದೇ.

ಆದರೆ ಈ ದಿನಗಳೆಲ್ಲ ಒಂದು ಷರತ್ತಿನ ಮೇಲೆ ನಿಂತಿವೆ. ಒಲೆ ಆರಿಸಿದ ಮೇಲೆ ಎರಡು ಗಂಟೆಯೊಳಗೆ ಪದಾರ್ಥ ಫ್ರಿಡ್ಜ್ ಸೇರಿರಬೇಕು. ಸುತ್ತಲಿನ ಗಾಳಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ದಾವಣಗೆರೆಯ ಬೇಸಿಗೆಯಲ್ಲಿ ಸಂಜೆ ಅಡುಗೆಮನೆ ಎಷ್ಟು ಕಾದಿರುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಒಲೆ ಉರಿದ ಕೋಣೆ, ಮೇಲೆ ಬಿಸಿಲಿಗೆ ಕಾದ ತಾರಸಿ. ನಮ್ಮ ಮನೆಗಳಲ್ಲಿ ಮಾರ್ಚ್‌ನಿಂದ ಮೇ ಕಳೆಯುವವರೆಗೆ ಒಂದು ಗಂಟೆಯ ಲೆಕ್ಕವನ್ನೇ ಹಿಡಿಯಬೇಕು.

ಈಗ ನಿಮ್ಮ ಸಾರು. ಎಂಟೂವರೆಗೆ ಇಳಿಸಿ ಹನ್ನೊಂದಕ್ಕೆ ಒಳಗಿಟ್ಟಿರಿ, ಅಂದರೆ ಎರಡೂವರೆ ಗಂಟೆ ಹೊರಗಿತ್ತು. ಒಳಗೆ ಹೋದ ಮೇಲಾದರೂ ತಣ್ಣಗಾಯಿತೇ? ಆಳವಾದ ಪಾತ್ರೆಯಲ್ಲಿ, ಮುಚ್ಚಳದಡಿ, ತೆಂಗಿನಕಾಯಿ ಹಾಕಿದ ಗಟ್ಟಿ ಸಾರಿನ ನಡುಭಾಗ ತಣಿಯಲು ಇನ್ನೂ ಹಲವು ಗಂಟೆ ಬೇಕು. ಹೊರಗೆ ಮುಟ್ಟಿದರೆ ತಣ್ಣಗಿರುತ್ತದೆ, ನಡುವೆ ಸೌಟು ಇಳಿಸಿದರೆ ಬೆಚ್ಚಗಿರುತ್ತದೆ. ಆ ಬೆಚ್ಚಗಿನ ಸ್ಥಿತಿಯೇ ಬ್ಯಾಕ್ಟೀರಿಯಾ ವೃದ್ಧಿಯಾಗುವ ಕಾಲ. 60 ಡಿಗ್ರಿಗಿಂತ ಮೇಲಿದ್ದರೆ ಅವು ಬೆಳೆಯುವುದಿಲ್ಲ, 4ಕ್ಕಿಂತ ಕೆಳಗಿದ್ದರೆ ಬಹಳ ನಿಧಾನ. ನಡುವಿನ ದಾರಿಯನ್ನು ಪದಾರ್ಥ ಎಷ್ಟು ಬೇಗ ದಾಟಿತು ಎನ್ನುವುದೇ ಮುಖ್ಯ. ಭಾನುವಾರ ಅದೇ ಪಾತ್ರೆ ಪೂರ್ತಿ ಕಾದು, ಮತ್ತೆ ಅದೇ ದಾರಿಯಲ್ಲಿ ನಿಧಾನವಾಗಿ ತಣಿದಿದೆ. ಆ ಎರಡು ಮೊಟ್ಟೆ ಮತ್ತು ಸಾರನ್ನು ಚೆಲ್ಲಿಬಿಡಿ. ಮನೆಯಲ್ಲಿ ಮಗುವೂ ಹಿರಿಯರೂ ಇರುವಾಗ ನಾನು ಎರಡನೆಯ ಮಾತೇ ಆಡುವುದಿಲ್ಲ.

ಕೋಟೆಬೀದಿ ಹಿರಿಯ, ಚಿತ್ರದುರ್ಗ

ಮೇಷ್ಟ್ರೇ, ಅನ್ನ ಪರಬ್ರಹ್ಮ ಎಂದು ಬೆಳೆದವರು ನಾವು. ಚೆಲ್ಲಿ ಎನ್ನುವುದು ಸುಲಭ. ಕುದಿಸಿದರೆ ಕ್ರಿಮಿ ಸಾಯುವುದು ನಿಜವೋ ಸುಳ್ಳೋ, ಅದನ್ನು ಮೊದಲು ಹೇಳಿ.

ಹರಿಹರದ ಮೇಷ್ಟ್ರು

ನಿಜ, ಯಜಮಾನರೇ. ಸಾಲ್ಮೊನೆಲ್ಲಾ ಎನ್ನುವ, ಕೋಳಿ ಮತ್ತು ಮೊಟ್ಟೆಯ ಜೊತೆ ಬರುವ ಬ್ಯಾಕ್ಟೀರಿಯಾ 74 ಡಿಗ್ರಿ ತಲುಪಿದರೆ ಉಳಿಯುವುದಿಲ್ಲ. ಕುದಿಯುವ ಸಾರು ಅದಕ್ಕಿಂತ ಎಷ್ಟೋ ಬಿಸಿ. ಮನೆಯವರು ರಾತ್ರಿ, ಬೆಳಿಗ್ಗೆ ಕುದಿಸಿಡುತ್ತಿದ್ದುದರಲ್ಲಿ ತಿಳಿವಳಿಕೆ ಇತ್ತು. ಬೆಳೆಯುತ್ತಿದ್ದ ಬ್ಯಾಕ್ಟೀರಿಯಾವನ್ನು ಅವರು ಹೊತ್ತುಹೊತ್ತಿಗೆ ತಡೆಯುತ್ತಿದ್ದರು.

ಕುದಿತಕ್ಕೆ ಬಗ್ಗದ ಎರಡು ಸಂಗತಿ ಇವೆ. ಒಂದು, ಕೆಲವು ಬ್ಯಾಕ್ಟೀರಿಯಾ ಗಟ್ಟಿ ಕವಚದ ಬೀಜದಂಥ ರೂಪದಲ್ಲಿ ಕುದಿತವನ್ನೂ ತಾಳಿಕೊಳ್ಳುತ್ತವೆ. ಸಾರು ಬೆಚ್ಚಗಾದಾಗ ಮತ್ತೆ ಚಿಗುರುತ್ತವೆ. ದೊಡ್ಡ ಪಾತ್ರೆಯಲ್ಲಿ ನಿಧಾನವಾಗಿ ತಣಿಯುವ ಸಾರು, ಗ್ರೇವಿಗಳಲ್ಲಿ ತೊಂದರೆ ಕೊಡುವವು ಹೆಚ್ಚಾಗಿ ಇವೇ. ಇನ್ನೊಂದು, ಮೊಟ್ಟೆಗೆ ಹೆಚ್ಚು ಸಂಬಂಧಿಸಿದ್ದು. ನಮ್ಮ ಕೈಚರ್ಮ, ಮೂಗಿನಲ್ಲಿ ಸ್ಟೆಫಿಲೊಕಾಕಸ್ ಎನ್ನುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇರುತ್ತದೆ. ಬೆಂದ ಮೊಟ್ಟೆಯ ಚಿಪ್ಪನ್ನು ಬೆರಳಿನಿಂದ ಬಿಡಿಸಿ ಸೆಕೆಯಲ್ಲಿ ತಟ್ಟೆಯ ಮೇಲೆ ಬಿಟ್ಟರೆ ಅದು ಬೆಳೆದು ವಿಷ ಬಿಡುತ್ತದೆ. ಕುದಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಹಾಗೇ ಉಳಿಯುತ್ತದೆ. ಬಣ್ಣ, ರುಚಿ, ವಾಸನೆ ಯಾವುದೂ ಬದಲಾಗುವುದಿಲ್ಲ. ಅಂಥದ್ದನ್ನು ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. ಆದ್ದರಿಂದ ಹೊರಗೆ ಬಹಳ ಹೊತ್ತು ಇದ್ದ ಪದಾರ್ಥವನ್ನು ಕುದಿಸಿ ಸರಿಮಾಡಬಹುದು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಹುಣಸೆಹುಳಿ ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ನಾವು ಸಾರಿಗೆ ಹಾಕುವ ಪ್ರಮಾಣ ಉಪ್ಪಿನಕಾಯಿಯದ್ದಲ್ಲ, ತೆಂಗಿನಕಾಯಿ ಬೇರೆ ಸೇರಿರುತ್ತದೆ.

ಕೋಟೆಬೀದಿ ಹಿರಿಯ, ಚಿತ್ರದುರ್ಗ

ವಿಷದ ವಿಚಾರ ನನಗೆ ಹೊಸದು. ಆದರೂ ನಮ್ಮ ಕಾಲದಲ್ಲಿ ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ಮನಸ್ಸು ಹೇಳುತ್ತಲೇ ಇದೆ.

ಖಾನಾವಳಿ ಅಕ್ಕ, ದಾವಣಗೆರೆ

ಆಗುತ್ತಿತ್ತು ಅಪ್ಪಾಜಿ. ವಾಂತಿಭೇದಿ ಆದರೆ ದೃಷ್ಟಿ ತಾಗಿತು, ಸೆಕೆ ಹೊಡೆಯಿತು ಎನ್ನುತ್ತಿದ್ದರು. ಹಿಂದಿನ ರಾತ್ರಿಯ ಸಾರನ್ನು ಯಾರೂ ನೆನೆಯುತ್ತಿರಲಿಲ್ಲ. ಜೊತೆಗೆ ಅಂದು ಸಾರು ಮಿಗುತ್ತಿದ್ದುದೇ ಕಡಿಮೆ.

ನಾನು ಓದುವ ಹುಡುಗರಿಗೆ ಊಟ ಹಾಕುವವಳು. ವಾರದಲ್ಲಿ ಎರಡು ದಿನ ಮೊಟ್ಟೆ ಸಾರು ಇರುತ್ತದೆ. ನಮ್ಮಲ್ಲಿ ಪಾಲಿಸುವ ಕ್ರಮವನ್ನು ಹೇಳುತ್ತೇನೆ, ಮನೆಗೂ ಹೊಂದುತ್ತದೆ. ಮಸಾಲೆಯನ್ನೂ ಮೊಟ್ಟೆಯನ್ನೂ ನಾನು ಒಂದೇ ಪಾತ್ರೆಯಲ್ಲಿ ಎತ್ತಿಡುವುದಿಲ್ಲ. ಆ ಹೊತ್ತಿಗೆ ಎಷ್ಟು ಜನರಿದ್ದಾರೋ ಅಷ್ಟೇ ಮೊಟ್ಟೆ ಸಾರಿಗೆ ಬೀಳುತ್ತವೆ, ಉಳಿದವು ಚಿಪ್ಪಿನಲ್ಲೇ ಫ್ರಿಡ್ಜಿನಲ್ಲಿರುತ್ತವೆ. ಸಾರು ಮಿಕ್ಕರೆ ಅಗಲವಾದ ಸ್ಟೀಲ್ ತಟ್ಟೆಗೆ ಮೂರು ಬೆರಳಿನಷ್ಟು ಎತ್ತರಕ್ಕೆ ಮಾತ್ರ ಸುರಿದು, ಆ ತಟ್ಟೆಯನ್ನು ತಣ್ಣೀರು ತುಂಬಿದ ಪರಾತದಲ್ಲಿ ಕೂರಿಸಿ ಸೌಟಿನಿಂದ ಆಗಾಗ ತಿರುವುತ್ತೇನೆ. ಹಬೆ ನಿಂತು ಕೈಗೆ ಉಗುರುಬೆಚ್ಚಗಾದ ಮೇಲೆ ಸಣ್ಣ ಡಬ್ಬಿಗಳಿಗೆ ತುಂಬಿ ಒಳಗಿಡುತ್ತೇನೆ. ಇಡೀ ಕೆಲಸಕ್ಕೆ ಅರ್ಧ ಗಂಟೆ ಸಾಕು. ಒಂದು ಡಬ್ಬಿ ಒಂದು ಊಟಕ್ಕೆ. ತೆಗೆದದ್ದನ್ನು ಮತ್ತೆ ಒಳಗಿಡುವುದಿಲ್ಲ.

ತಂಗಿ, ನಿಮ್ಮ ಯಜಮಾನರು ತಡವಾಗಿ ಬರುತ್ತಾರೆ ಎಂದಿರಿ. ಅವರ ಪಾಲನ್ನು ಒಂದು ಡಬ್ಬಿಯಲ್ಲಿ ಮೊದಲೇ ಎತ್ತಿಟ್ಟು, ಬಂದ ಮೇಲೆ ಕುದಿಸಿ ಕೊಡಿ. ಎಲ್ಲರ ಊಟ ಮುಗಿಯುವ ತನಕ ಪಾತ್ರೆ ಕಟ್ಟೆಯ ಮೇಲೆ ಕೂರುವುದೇ ನಿಮ್ಮ ಮನೆಯ ತೊಂದರೆ.

ನಿಟುವಳ್ಳಿ ಗೃಹಿಣಿ, ದಾವಣಗೆರೆ

ಅಕ್ಕಾ, ಇದು ಹೊಳೆದೇ ಇರಲಿಲ್ಲ. ಇಂದಿನಿಂದಲೇ ಹಾಗೆ ಮಾಡುತ್ತೇನೆ. ಸಾರನ್ನು ಚೆಲ್ಲಿದ್ದೇನೆ. ಚಿಪ್ಪಿನ ನಾಲ್ಕು ಮೊಟ್ಟೆಗಳ ಬಗ್ಗೆ ಮೇಷ್ಟ್ರು ಏನೂ ಹೇಳಲಿಲ್ಲ.

ಹರಿಹರದ ಮೇಷ್ಟ್ರು

ಅದಕ್ಕೇ ಬರುತ್ತಿದ್ದೆ. ಏಳೂವರೆಯಿಂದ ಒಂಬತ್ತು ಎಂದರೆ ಒಂದೂವರೆ ಗಂಟೆ. ಒಂದು ಗಂಟೆಯ ಗಡುವು ಮೀರಿದೆ, ಎರಡು ಗಂಟೆಯದು ಮೀರಿಲ್ಲ. ಆ ಸಂಜೆ ಅಡುಗೆಮನೆಯ ಶಾಖ ಎಷ್ಟಿತ್ತು ಎಂಬುದರ ಮೇಲೆ ಹೋಗುತ್ತದೆ. ಅದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ನೀವು ತಣಿಸಿದ ನೀರು.

ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಕೋಳಿ ಇಟ್ಟಾಗ ಅದರ ಮೇಲೆ ತೆಳುವಾದ ಒಂದು ಲೇಪ ಇರುತ್ತದೆ, ಅದು ಆ ರಂಧ್ರಗಳನ್ನು ಕಾಯುತ್ತದೆ. ಕುದಿಯುವ ನೀರಿನಲ್ಲಿ ಆ ಲೇಪ ಹೋಗಿಬಿಡುತ್ತದೆ. ಅದಕ್ಕೇ ಬೇಯಿಸಿದ ಮೊಟ್ಟೆ ಹಸಿ ಮೊಟ್ಟೆಯಷ್ಟು ದಿನ ಬಾಳುವುದಿಲ್ಲ. ಬೆಂದರೆ ಗಟ್ಟಿ, ಹೆಚ್ಚು ದಿನ ಇರುತ್ತದೆ ಎಂದು ಬಹಳ ಜನ ತಿಳಿದಿರುವುದು ಪೂರ್ತಿ ತಿರುಗುಮುರುಗು. ಇನ್ನು ಬಿಸಿ ಮೊಟ್ಟೆಯನ್ನು ತಣ್ಣೀರಿಗೆ ಹಾಕಿದಾಗ ಒಳಗಿನ ಗಾಳಿ ಕುಗ್ಗಿ, ಹೊರಗಿನ ನೀರನ್ನು ಆ ರಂಧ್ರಗಳ ಮೂಲಕ ಸ್ವಲ್ಪ ಒಳಗೆಳೆದುಕೊಳ್ಳುತ್ತದೆ. ನೀರು ಶುದ್ಧವಾಗಿಲ್ಲದಿದ್ದರೆ ಅದರಲ್ಲಿರುವುದೂ ಒಳಗೆ ಹೋಗುತ್ತದೆ.

ಬೇಸಿಗೆಯಲ್ಲಿ ನಮ್ಮ ನಲ್ಲಿಯಲ್ಲಿ ಬರುವುದು ತಾರಸಿಯ ತೊಟ್ಟಿಯ ನೀರು. ಸಂಜೆಯಾದರೂ ಬೆಚ್ಚಗಿರುತ್ತದೆ, ತೊಟ್ಟಿ ತೊಳೆದು ಎಷ್ಟು ದಿನವಾಗಿದೆಯೋ ಗೊತ್ತಿಲ್ಲ. ಮೊಟ್ಟೆ ತಣಿಯುವುದೂ ಇಲ್ಲ, ಕೊಳೆಯೂ ಸೇರುತ್ತದೆ. ತಣಿಸಲು ಕುಡಿಯುವ ನೀರನ್ನೇ ಬಳಸಿ. ಮಣ್ಣಿನ ಮಡಕೆಯದ್ದೋ, ಫ್ರಿಡ್ಜಿನ ಬಾಟಲಿಯದ್ದೋ ಆಗಲಿ, ಸಾಧ್ಯವಾದರೆ ನಾಲ್ಕು ತುಂಡು ಮಂಜುಗಡ್ಡೆ ಹಾಕಿ. ಹತ್ತು ಹದಿನೈದು ನಿಮಿಷದಲ್ಲಿ ಪೂರ್ತಿ ತಣಿದ ಮೇಲೆ ಬಟ್ಟೆಯಿಂದ ಒರೆಸಿ, ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಒಳಗಿನ ತಟ್ಟಿನ ಮೇಲೆ ಇಡಿ. ಚಿಪ್ಪಿನ ಮೇಲೆ ಪೆನ್ಸಿಲ್‌ನಲ್ಲಿ ದಿನ ಬರೆಯಿರಿ, ಆಗ ಹಸಿ ಯಾವುದು ಬೆಂದದ್ದು ಯಾವುದು ಎಂಬ ಗೊಂದಲವೂ ಇರುವುದಿಲ್ಲ. ಬೇಯುವಾಗ ಬಿರುಕು ಬಿಟ್ಟ ಮೊಟ್ಟೆಯನ್ನು ಎತ್ತಿಡಬೇಡಿ, ಅದನ್ನು ಅವತ್ತೇ ತಿಂದು ಮುಗಿಸಿ.

ನಿಮ್ಮ ನಾಲ್ಕು ಮೊಟ್ಟೆಗಳನ್ನು ಮಗುವಿಗೂ ಅತ್ತೆಯವರಿಗೂ ಕೊಡಬೇಡಿ ಎಂದೇ ನನ್ನ ಸಲಹೆ. ಆರೋಗ್ಯವಾಗಿರುವ ದೊಡ್ಡವರು ತಿನ್ನಬಹುದೇ ಎಂದರೆ, ನಾನಾಗಿದ್ದರೆ ತಿನ್ನುತ್ತಿರಲಿಲ್ಲ.

ಖಾನಾವಳಿ ಅಕ್ಕ, ದಾವಣಗೆರೆ

ಇಲ್ಲಿ ನನ್ನದು ಬೇರೆ ಅಭಿಪ್ರಾಯ ಮೇಷ್ಟ್ರೇ. ಚಿಪ್ಪು ಒಡೆದಿಲ್ಲ, ಒಂದೂವರೆ ಗಂಟೆ ಮಾತ್ರ ಹೊರಗಿದ್ದವು, ಇವತ್ತಿಗೆ ಮೂರು ದಿನ. ದೊಡ್ಡವರಿಗಾದರೆ ನಾನು ಕೊಡುತ್ತಿದ್ದೆ. ಮಕ್ಕಳ ವಿಚಾರದಲ್ಲಿ ನಿಮ್ಮ ಮಾತೇ ಸರಿ.

ಹರಿಹರದ ಮೇಷ್ಟ್ರು

ಆಗಲಿ, ಇದರಲ್ಲಿ ನಾವಿಬ್ಬರೂ ನಮ್ಮ ನಮ್ಮ ಮಾತಿಗೇ ನಿಲ್ಲೋಣ.

ಫ್ರಿಡ್ಜ್ ರಿಪೇರಿ, ಚಿತ್ರದುರ್ಗ

ನೀವೆಲ್ಲ ದಿನ ಎಣಿಸುತ್ತಿದ್ದೀರಿ. ನಾನು ಮನೆಮನೆಗೆ ಹೋಗಿ ಫ್ರಿಡ್ಜ್ ನೋಡುವವನು, ಬಹಳ ಮನೆಗಳಲ್ಲಿ ಅದು 4 ಡಿಗ್ರಿಯಲ್ಲಿ ಇರುವುದೇ ಇಲ್ಲ. ಗುಂಡಿಯ ಮೇಲಿನ 1, 2, 3 ಎನ್ನುವುದು ಡಿಗ್ರಿ ಅಲ್ಲ. ಅದು ಬರಿಯ ಹಂತ, ಸಂಖ್ಯೆ ಹೆಚ್ಚಾದಷ್ಟೂ ತಂಪು ಹೆಚ್ಚು. ಚಳಿಗಾಲದಲ್ಲಿ ಕಡಿಮೆ ಮಾಡಿಟ್ಟ ಗುಂಡಿಯನ್ನು ಬೇಸಿಗೆಯಲ್ಲೂ ಯಾರೂ ತಿರುಗಿಸುವುದಿಲ್ಲ.

ಅಕ್ಕಾ, ಒಂದು ಸಣ್ಣ ಥರ್ಮಾಮೀಟರ್ ಕೊಳ್ಳಿ, ಆದರೆ ಜ್ವರ ನೋಡುವುದಲ್ಲ. ಒಂದು ಲೋಟ ನೀರಿನಲ್ಲಿ ಅದನ್ನು ಮುಳುಗಿಸಿ ನಡುವಿನ ತಟ್ಟಿನಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಓದಿ. ಬರಿಯ ಗಾಳಿಯಲ್ಲಿಟ್ಟರೆ ಬಾಗಿಲು ತೆರೆದಾಗಲೆಲ್ಲ ಮುಳ್ಳು ಕುಣಿಯುತ್ತದೆ, ಪದಾರ್ಥದ ನಿಜವಾದ ತಂಪು ತಿಳಿಯುವುದಿಲ್ಲ.

ಇನ್ನೊಂದು, ಬಾಗಿಲಿನಲ್ಲಿರುವ ಮೊಟ್ಟೆ ಗೂಡು ಇಡೀ ಫ್ರಿಡ್ಜಿನಲ್ಲಿ ಹೆಚ್ಚು ಬೆಚ್ಚಗಿರುವ ಜಾಗ. ಮಕ್ಕಳು ನೀರಿಗೆಂದು ತೆರೆದಾಗಲೆಲ್ಲ ಹೊರಗಿನ ಸೆಕೆ ಮೊದಲು ತಾಗುವುದು ಅಲ್ಲಿಗೇ. ಬೆಂದ ಮೊಟ್ಟೆಯನ್ನು ಅಲ್ಲಿ ಇಡಲೇಬೇಡಿ. ಒಂದೇ ಬಾಗಿಲಿನ ಹಳೆಯ ಫ್ರಿಡ್ಜ್ ಆಗಿದ್ದರೆ ಮೇಲಿನ ಗೂಡಿನಲ್ಲಿ ಮಂಜು ದಪ್ಪಗಟ್ಟಿದೆಯೇ ನೋಡಿ. ಬೆರಳು ದಪ್ಪ ಕಟ್ಟಿದ್ದರೆ ಕೆಳಗೆ ತಂಪು ಸರಿಯಾಗಿ ಇಳಿಯುವುದಿಲ್ಲ, ಕರಗಿಸಿ.

ನಿಟುವಳ್ಳಿ ಗೃಹಿಣಿ, ದಾವಣಗೆರೆ

ಕರೆಂಟ್ ಹೋದರೆ ಏನು ಮಾಡಬೇಕು? ನಮ್ಮ ಬೀದಿಯಲ್ಲಿ ಬೇಸಿಗೆಯ ಮಧ್ಯಾಹ್ನ ಎರಡು ಮೂರು ಗಂಟೆ ಹೋಗುವುದುಂಟು.

ಫ್ರಿಡ್ಜ್ ರಿಪೇರಿ, ಚಿತ್ರದುರ್ಗ

ಬಾಗಿಲು ತೆರೆಯಬೇಡಿ. ಬಾಗಿಲಿನ ರಬ್ಬರ್ ಸರಿಯಾಗಿದ್ದು, ಮುಚ್ಚಿಯೇ ಇದ್ದರೆ ಸುಮಾರು ನಾಲ್ಕು ಗಂಟೆ ತಂಪು ಹಿಡಿದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಹೋದರೆ ಮೊಟ್ಟೆ ಸಾರನ್ನು ನಂಬಬೇಡಿ. ರಬ್ಬರ್ ನೋಡುವುದು ಸುಲಭ. ಒಂದು ನೋಟನ್ನು ಬಾಗಿಲಿನ ಸಂದಿಗೆ ಕೊಟ್ಟು ಮುಚ್ಚಿ ಎಳೆಯಿರಿ. ಹಿಡಿದು ನಿಲ್ಲಬೇಕು, ಸರಕ್ಕನೆ ಜಾರಿ ಬಂದರೆ ಆ ಜಾಗದಲ್ಲಿ ಸೆಕೆ ಒಳಗೆ ನುಗ್ಗುತ್ತಿದೆ ಎಂದರ್ಥ.

ಕೊಠಡಿ ವಿದ್ಯಾರ್ಥಿ, ದಾವಣಗೆರೆ

ನಾನು ಕಾಲೇಜಿಗಾಗಿ ಇಲ್ಲಿ ಕೊಠಡಿ ಮಾಡಿಕೊಂಡಿದ್ದೇನೆ. ನಮ್ಮಲ್ಲಿ ಮೈಕ್ರೋವೇವ್ ಇದೆ. ಮೊನ್ನೆ ನನ್ನ ಗೆಳೆಯ ಫ್ರಿಡ್ಜಿನಿಂದ ಬೆಂದ ಮೊಟ್ಟೆ ತೆಗೆದು, ಚಿಪ್ಪು ಬಿಡಿಸಿಯೇ ಒಂದು ನಿಮಿಷ ಇಟ್ಟ. ಒಳಗೆ ಏನೂ ಆಗಲಿಲ್ಲ. ತಟ್ಟೆಗೆ ಹಾಕಿ ಚಮಚ ಚುಚ್ಚಿದ ಕೂಡಲೇ ಪಟಾಕಿಯಂತೆ ಸಿಡಿಯಿತು. ಬಿಸಿ ಹಳದಿ ಅವನ ಗಲ್ಲಕ್ಕೆ ಹಾರಿ ಬೊಬ್ಬೆ ಬಂದಿದೆ. ಚಿಪ್ಪಿದ್ದರೆ ಮಾತ್ರ ಸಿಡಿಯುತ್ತದೆ ಎಂದು ತಿಳಿದಿದ್ದೆವು. ಹೀಗೇಕೆ ಆಯಿತು?

ಹರಿಹರದ ಮೇಷ್ಟ್ರು

ಕಣ್ಣಿಗೆ ತಾಗದೇ ಇದ್ದದ್ದು ದೊಡ್ಡ ಪುಣ್ಯ, ತಮ್ಮಾ. ಹಳದಿ ಭಾಗದೊಳಗೆ ಸಣ್ಣ ಸಣ್ಣ ನೀರಿನ ಗುಳ್ಳೆಗಳು ಸಿಕ್ಕಿಕೊಂಡಿರುತ್ತವೆ. ಮೈಕ್ರೋವೇವ್ ಅವನ್ನು ಕುದಿಯುವ ಮಟ್ಟಕ್ಕಿಂತ ಹೆಚ್ಚು ಬಿಸಿ ಮಾಡಿಬಿಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲದೆ ಅವು ಸುಮ್ಮನೆ ಕೂತಿರುತ್ತವೆ. ಚಮಚವೋ ಹಲ್ಲೋ ತಾಗಿದಾಗ ಎಲ್ಲವೂ ಒಮ್ಮೆಗೇ ಆವಿಯಾಗಿ ಸಿಡಿಯುತ್ತವೆ. ಚಿಪ್ಪು ಇದ್ದರೂ ಇಲ್ಲದಿದ್ದರೂ ಅಷ್ಟೇ. ಫೋರ್ಕಿನಿಂದ ಎರಡು ತೂತು ಮಾಡಿದರೆ ಸಾಕೆಂದು ಕೆಲವರು ಹೇಳುತ್ತಾರೆ, ಅದನ್ನೂ ನಂಬಬೇಡಿ. ಇಡೀ ಮೊಟ್ಟೆಯನ್ನು ಮೈಕ್ರೋವೇವ್‌ಗೆ ಇಡಲೇಬೇಡಿ. ನಾಲ್ಕು ಹೋಳು ಮಾಡಿ, ಸಾರಿನಲ್ಲಿ ಮುಳುಗಿಸಿ, ಮುಚ್ಚಳವನ್ನು ಸಡಿಲವಾಗಿಟ್ಟು ಬಿಸಿ ಮಾಡಿ. ನಡುವೆ ನಿಲ್ಲಿಸಿ ಕಲಕಿ, ಇಲ್ಲದಿದ್ದರೆ ಅಂಚು ಕುದಿಯುತ್ತಿರುವಾಗ ನಡುವೆ ತಣ್ಣಗಿರುತ್ತದೆ.

ಬರಿಯ ಬೆಂದ ಮೊಟ್ಟೆಯನ್ನಾದರೆ ಬಿಸಿ ಮಾಡುವ ಅಗತ್ಯವೇ ಇಲ್ಲ, ತಣ್ಣಗೇ ತಿನ್ನಬಹುದು. ಬೆಚ್ಚಗೆ ಬೇಕೆಂದರೆ ಚಿಪ್ಪಿನ ಸಮೇತ ಕುದಿಯುವ ನೀರು ತುಂಬಿದ ಪಾತ್ರೆಯಲ್ಲಿ ಮುಚ್ಚಿ ಹತ್ತು ನಿಮಿಷ ಬಿಡಿ. ಅದು ಬಾಯಿಗೆ ಹಿತವಾಗಲು ಮಾತ್ರ, ಕ್ರಿಮಿ ಕೊಲ್ಲುವ ಲೆಕ್ಕದಲ್ಲಿ ಅಲ್ಲ.

ಖಾನಾವಳಿ ಅಕ್ಕ, ದಾವಣಗೆರೆ

ಗ್ಯಾಸ್ ಒಲೆಯ ಮೇಲೆ ಸಾರು ಬಿಸಿ ಮಾಡುವವರೂ ಎಡವುವ ಜಾಗ ಒಂದಿದೆ. ಫ್ರಿಡ್ಜಿನಿಂದ ತೆಗೆದ ಸಾರನ್ನು ಒಲೆಯ ಮೇಲಿಟ್ಟರೆ ಅಂಚಿನಲ್ಲಿ ಗುಳ್ಳೆ ಬಂದ ಕೂಡಲೇ ಕುದಿಯಿತು ಎಂದು ಇಳಿಸುತ್ತಾರೆ. ಆಗ ಮೊಟ್ಟೆಯೊಂದನ್ನು ತೆಗೆದು ಚಾಕುವಿನಿಂದ ಎರಡು ಮಾಡಿ, ಹಳದಿಯ ನಡುವಿಗೆ ಬೆರಳ ಹಿಂಬದಿಯನ್ನು ತಾಗಿಸಿ ನೋಡಿ. ಬಿಳಿಭಾಗ ಸುಡುತ್ತಿರುತ್ತದೆ, ನಡುವೆ ಇನ್ನೂ ಫ್ರಿಡ್ಜಿನ ತಂಪು ಇರುತ್ತದೆ. ನಮ್ಮ ಅಡುಗೆಯ ಹುಡುಗಿಯರಿಗೆ ನಾನು ಮೊದಲು ಕಲಿಸುವುದೇ ಇದನ್ನು, ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಆದ್ದರಿಂದ ಮೊಟ್ಟೆಗಳನ್ನು ಮೊದಲು ಹೊರತೆಗೆದು ಎರಡು ಹೋಳು ಮಾಡಿ. ಸಾರು ಗಟ್ಟಿಯಾಗಿರುತ್ತದೆ, ಅರ್ಧ ಲೋಟ ಬಿಸಿನೀರು ಬೆರೆಸಿ, ತಳ ಹಿಡಿಯದಂತೆ ಕಲಕುತ್ತಾ ಬರಿಯ ಸಾರನ್ನು ಕುದಿಸಿ. ಅಂಚಿನಲ್ಲಿ ಮಾತ್ರವಲ್ಲ, ನಡುವೆಯೂ ಉಕ್ಕಿ ಕುದಿಯಬೇಕು. ಆಮೇಲೆ ಹೋಳುಗಳನ್ನು ಹಳದಿ ಕೆಳಮುಖವಾಗಿ ಜೋಡಿಸಿ, ಮುಚ್ಚಿ, ಮೂರು ನಾಲ್ಕು ನಿಮಿಷ ಮಂದ ಉರಿಯಲ್ಲಿ ಕುದಿಯಲು ಬಿಡಿ. ತೆಂಗಿನಕಾಯಿ ಸಾರು ಒಡೆದಂತೆ ಎಣ್ಣೆ ಬಿಟ್ಟರೆ ಹೆದರಬೇಡಿ, ಕಲಕಿದರೆ ಕೂಡಿಕೊಳ್ಳುತ್ತದೆ.

ಹರಿಹರದ ಮೇಷ್ಟ್ರು

ಅಕ್ಕನವರು ಹೇಳಿದ್ದು ನೂರಕ್ಕೆ ನೂರು ಸರಿ. 74 ಡಿಗ್ರಿ ತಲುಪಬೇಕಾದದ್ದು ಮೊಟ್ಟೆಯ ನಡುಭಾಗ. ಸಾರು ಕುದಿಯುವುದನ್ನು ನೋಡಿ ಅದನ್ನು ಊಹಿಸಲು ಆಗುವುದಿಲ್ಲ.

ನಿಟುವಳ್ಳಿ ಗೃಹಿಣಿ, ದಾವಣಗೆರೆ

ಇನ್ನೆರಡು ಸಂದೇಹ. ಎತ್ತಿಟ್ಟ ಮೊಟ್ಟೆ ಕತ್ತರಿಸಿದಾಗ ಹಳದಿಯ ಸುತ್ತ ಹಸಿರು ಬೂದಿ ಬಣ್ಣದ ಗೆರೆ ಕಾಣುತ್ತದೆ, ಅದು ಕೆಟ್ಟಿರುವ ಗುರುತೇ? ಡಬ್ಬಿ ತೆರೆದಾಗ ಒಂದು ಥರ ಗಂಧಕದ ವಾಸನೆಯೂ ಬರುತ್ತದೆ. ಮತ್ತೆ, ಚಿಪ್ಪು ಬಿಡಿಸಿಟ್ಟ ಮೊಟ್ಟೆ ಎಷ್ಟು ದಿನ ಇರುತ್ತದೆ?

ಹರಿಹರದ ಮೇಷ್ಟ್ರು

ಹಸಿರು ಗೆರೆ ಕೆಟ್ಟದ್ದಲ್ಲ. ಹೆಚ್ಚು ಹೊತ್ತು ಬೇಯಿಸಿದಾಗ ಅಥವಾ ನಿಧಾನವಾಗಿ ತಣಿಸಿದಾಗ ಬಿಳಿಭಾಗದ ಗಂಧಕ, ಹಳದಿಯ ಕಬ್ಬಿಣ ಸೇರಿ ಆ ಬಣ್ಣ ಕಟ್ಟುತ್ತದೆ. ಧಾರಾಳವಾಗಿ ತಿನ್ನಿ. ಡಬ್ಬಿ ತೆರೆದಾಗ ಬರುವ ತೆಳುವಾದ ಗಂಧಕದ ವಾಸನೆಯೂ ಸಹಜ, ಒಂದೆರಡು ನಿಮಿಷ ತೆರೆದಿಟ್ಟರೆ ಹೋಗುತ್ತದೆ. ಹೋಗದೆ ಮೂಗಿಗೆ ಹೊಡೆಯುವಂತಿದ್ದರೆ, ಬಿಳಿಭಾಗ ಮುಟ್ಟಿದಾಗ ಲೋಳೆಲೋಳೆಯಾಗಿ ಬೆರಳಿಗೆ ಅಂಟಿದರೆ, ಚಿಪ್ಪಿನ ಮೇಲೆ ಪುಡಿಯಂಥ ಬೂಷ್ಟು ಕಂಡರೆ ಎಸೆಯಿರಿ. ಇವು ಇಲ್ಲ ಎಂದ ಮಾತ್ರಕ್ಕೆ ಸುರಕ್ಷಿತ ಎಂದೂ ಅಲ್ಲ, ದಿನದ ಲೆಕ್ಕವನ್ನು ಬಿಡಬೇಡಿ.

ಚಿಪ್ಪು ಬಿಡಿಸಿದ ಮೊಟ್ಟೆಗೂ ಬರಹದಲ್ಲಿ ಒಂದು ವಾರ ಎಂದೇ ಇದೆ. ಆದರೆ ಅದಕ್ಕೆ ನಮ್ಮ ಬೆರಳು ತಾಗಿರುತ್ತದೆ, ಫ್ರಿಡ್ಜಿನೊಳಗಿನ ಈರುಳ್ಳಿ ಬೆಳ್ಳುಳ್ಳಿಯ ವಾಸನೆಯನ್ನೂ ಬೇಗ ಹೀರುತ್ತದೆ. ನಮ್ಮ ಕಡೆಯ ಸೆಕೆಯಲ್ಲಿ ಎರಡು ಮೂರು ದಿನದೊಳಗೆ ಮುಗಿಸುವುದು ಒಳ್ಳೆಯದು ಎಂದು ನನಗನ್ನಿಸುತ್ತದೆ.

ಖಾನಾವಳಿ ಅಕ್ಕ, ದಾವಣಗೆರೆ

ನಾನು ಬಿಡಿಸಿದ್ದನ್ನು ಮಾರನೆಯ ದಿನಕ್ಕಿಂತ ಹೆಚ್ಚು ಇಡುವುದೇ ಇಲ್ಲ. ಮೂರನೆಯ ದಿನ ಮೈ ಜಾರುವುದನ್ನು ನೋಡಿದ್ದೇನೆ.

ಕೋಟೆಬೀದಿ ಹಿರಿಯ, ಚಿತ್ರದುರ್ಗ

ನನಗೂ ಒಂದು ಹೇಳಿ. ಮುಂದಿನ ವಾರ ಮೊಮ್ಮಗನನ್ನು ನೋಡಲು ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಮೊಟ್ಟೆ ಸಾರು ಎಂದರೆ ಅವನಿಗೆ ಪ್ರಾಣ. ಮನೆಯವಳು ಡಬ್ಬಿಗೆ ಹಾಕಿ ಕೊಡುತ್ತೇನೆ ಎನ್ನುತ್ತಿದ್ದಾಳೆ. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಐದಾರು ಗಂಟೆಯಾದರೂ ಆಗುತ್ತದೆ.

ಹರಿಹರದ ಮೇಷ್ಟ್ರು

ಬಿಸಿ ಸಾರನ್ನು ಸಾಮಾನ್ಯ ಡಬ್ಬಿಯಲ್ಲಿ ಒಯ್ಯಬೇಡಿ ಯಜಮಾನರೇ, ದಾರಿಯುದ್ದಕ್ಕೂ ಅದು ಬೆಚ್ಚಗೇ ಇರುತ್ತದೆ. ಮೊಟ್ಟೆ ಹಾಕದೆ ಬರಿಯ ಮಸಾಲೆ ಸಾರನ್ನು ಹಿಂದಿನ ದಿನವೇ ಮಾಡಿ, ಚಪ್ಪಟೆ ಡಬ್ಬಿಯಲ್ಲಿ ಫ್ರೀಜರಿನಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿಸಿ. ದಪ್ಪ ಬಟ್ಟೆ, ಅದರ ಮೇಲೆ ಕಾಗದ ಸುತ್ತಿ ಚೀಲದಲ್ಲಿಡಿ. ತಲುಪಿದಾಗ ನಡುವೆ ಇನ್ನೂ ಮಂಜು ಉಳಿದಿದ್ದರೆ ಕುದಿಸಿ ಬಳಸಬಹುದು. ಮೊಟ್ಟೆಯನ್ನು ಮಾತ್ರ ಹೆಪ್ಪುಗಟ್ಟಿಸಬೇಡಿ, ಬಿಳಿಭಾಗ ರಬ್ಬರಿನಂತಾಗಿ ನೀರು ಬಿಡುತ್ತದೆ. ಅವನ ಮನೆಯಲ್ಲೇ ಬೇಯಿಸಿ ಹಾಕಿ.

ಕೋಟೆಬೀದಿ ಹಿರಿಯ, ಚಿತ್ರದುರ್ಗ

ಇದು ಆಗುವ ಮಾತು. ಮನೆಯವಳಿಗೆ ಓದಿ ಹೇಳುತ್ತೇನೆ.

ನಿಟುವಳ್ಳಿ ಗೃಹಿಣಿ, ದಾವಣಗೆರೆ

ಥರ್ಮಾಮೀಟರ್ ತಂದು ಲೋಟದಲ್ಲಿಟ್ಟು ಇವತ್ತು ಬೆಳಿಗ್ಗೆ ನೋಡಿದೆ. 9 ಡಿಗ್ರಿ ತೋರಿಸುತ್ತಿದೆ! ಗುಂಡಿ 2ರಲ್ಲಿತ್ತು, ಈಗ 4ಕ್ಕೆ ತಿರುಗಿಸಿದ್ದೇನೆ. ಚಿಪ್ಪಿನ ನಾಲ್ಕು ಮೊಟ್ಟೆಗಳನ್ನೂ ಚೆಲ್ಲಿಬಿಟ್ಟೆ, ಅಕ್ಕ ಬೇಸರ ಮಾಡಿಕೊಳ್ಳಬಾರದು.

ಖಾನಾವಳಿ ಅಕ್ಕ, ದಾವಣಗೆರೆ

ಬೇಸರ ಏಕೆ ತಂಗಿ. 9 ಡಿಗ್ರಿಯಲ್ಲಿ, ಅದೂ ಬಾಗಿಲ ಗೂಡಿನಲ್ಲಿ ಇದ್ದವು ಎಂದು ತಿಳಿದಿದ್ದರೆ ನಾನೂ ಚೆಲ್ಲಿ ಎನ್ನುತ್ತಿದ್ದೆ.

ಫ್ರಿಡ್ಜ್ ರಿಪೇರಿ, ಚಿತ್ರದುರ್ಗ

ಒಮ್ಮೆಲೇ ಇನ್ನೂ ಮೇಲಕ್ಕೆ ತಿರುಗಿಸಬೇಡಿ ಅಕ್ಕಾ, ಒಂದು ಹಗಲು ಒಂದು ರಾತ್ರಿ ಬಿಟ್ಟು ಮತ್ತೆ ಓದಿ. ಹಿಂಬದಿಗೂ ಗೋಡೆಗೂ ಒಂದು ಗೇಣು ಜಾಗ ಇದೆಯೇ, ಒಳಗೆ ಪಾತ್ರೆಗಳು ಒತ್ತೊತ್ತಾಗಿ ತುಂಬಿ ಗಾಳಿ ಆಡಲು ಜಾಗವಿಲ್ಲವೇ ನೋಡಿಕೊಳ್ಳಿ. ಆಗಲೂ 4 ಡಿಗ್ರಿಗೆ ಇಳಿಯದಿದ್ದರೆ ನೋಟಿನ ಪರೀಕ್ಷೆ ಮಾಡಿ, ಬಾಗಿಲಿನ ರಬ್ಬರಿನ ಚಿತ್ರ ಇಲ್ಲಿ ಹಾಕಿ.